ಡಿಸ್ಚಾರ್ಜ್ ಆದ ಮೇಲಿನ ಲೆಕ್ಕ

(ಧಾರವಾಡದಲ್ಲಿ ಹಿರಿಯ ನಾಗರಿಕರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಡಾಕ್ಟರ್ ಅಲ್ಲ. ಹಾಗಾಗಿ ಕಾಯಿಲೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕಾಯಿಲೆಯ ಲೆಕ್ಕದ ಬಗ್ಗೆ ಹೇಳುತ್ತೇನೆ. ಕೌಂಟರಿನ ಆಚೆ ಕೂತು ಬಂಗಾರ ಅಡ ಇಟ್ಟವರನ್ನು, ಎಫ್‌ಡಿ ಮುರಿಸಿದವರನ್ನು ಬಹಳ ನೋಡಿದ್ದೇನೆ. ಕಾರಣ ಕೇಳಿದರೆ ಹೆಚ್ಚಿನವರು "ದವಾಖಾನಿ ಬಿಲ್ಲು" ಅನ್ನುತ್ತಾರೆ. ಆದರೆ ಪಾಸ್‌ಬುಕ್ ತೆರೆದು ನೋಡಿದರೆ ಬೇರೆಯೇ ಕಥೆ ಇರುತ್ತದೆ. ದವಾಖಾನೆಗೆ ದೊಡ್ಡ ಮೊತ್ತ ಒಮ್ಮೆ ಹೋಗಿರುತ್ತದೆ. ಆಮೇಲೆ ತಿಂಗಳು ತಿಂಗಳೂ ಸಣ್ಣ ಸಣ್ಣ ಮೊತ್ತ ಹೋಗುತ್ತಲೇ ಇರುತ್ತದೆ, ಅದರ ಮೊತ್ತ ಬಿಲ್ಲನ್ನೇ ಮೀರಿಸಿರುತ್ತದೆ. ಆ ಖರ್ಚಿಗೆ ಯಾರೂ ರಸೀದಿ ಇಟ್ಟಿರುವುದಿಲ್ಲ.

ಇವತ್ತು ಲಕ್ವಾ ಹೊಡೆದ ತಾಯಿಯೊಬ್ಬರ ಮನೆಯ ಲೆಕ್ಕವನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ನನಗೆ ಗೊತ್ತಿರುವ ಎರಡು ಮೂರು ಮನೆಗಳ ಲೆಕ್ಕ ಕೂಡಿಸಿ ಒಂದು ಮನೆ ಮಾಡಿದ್ದೇನೆ. ದರಗಳು ನನ್ನ ಲೆಕ್ಕಕ್ಕೆ ಹಿಡಿದದ್ದು. ನಿಮ್ಮ ಊರಲ್ಲಿ, ನಿಮ್ಮ ಏಜೆನ್ಸಿಯಲ್ಲಿ ವಿಚಾರಿಸಿ ಅಂಕಿ ಬದಲಿಸಿಕೊಳ್ಳಿ.

ಅವ್ವನಿಗೆ 68 ವರ್ಷ. ಯಜಮಾನರು ಬಸ್ ಡ್ರೈವರ್ ಆಗಿದ್ದು ತೀರಿಕೊಂಡರು. ಬಸ್ ನಿಗಮದ ಭವಿಷ್ಯನಿಧಿಯ ವಿಧವಾ ಪಿಂಚಣಿ ತಿಂಗಳಿಗೆ 3,000 ರೂಪಾಯಿ ಬರುತ್ತದೆ. ಹಿರಿಯ ಮಗ ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿದ್ದಾನೆ, ಪಗಾರ 20,000. ಸೊಸೆ ಖಾಸಗಿ ಶಾಲೆಯ ಟೀಚರ್, 13,000. ಮಗಳನ್ನು ಗದಗಿಗೆ ಕೊಟ್ಟಿದ್ದಾರೆ. ಕಿರಿಯ ಮಗ ಬೆಂಗಳೂರಲ್ಲಿ, 60,000 ದುಡಿಯುತ್ತಾನೆ. ಅವ್ವ ಇರುವುದು ಹಿರಿಯ ಮಗನ ಮನೆಯಲ್ಲಿ, ನವನಗರದಲ್ಲಿ.

ನವೆಂಬರಿನ ಒಂದು ರಾತ್ರಿ ಅವ್ವನ ಬಲಗೈ, ಬಲಗಾಲು ಬಿದ್ದವು, ಮಾತು ಹೋಯಿತು. ಹತ್ತಿರದ ಖಾಸಗಿ ದವಾಖಾನೆಗೆ ಒಯ್ದರು. ಎರಡು ವಾರಕ್ಕೆ ಬಿಲ್ಲು 1,80,000. ಹೇಗೋ ಕಟ್ಟಿದರು. ಮನೆಗೆ ಬಂದ ದಿನ ಎಲ್ಲರೂ ದೊಡ್ಡ ಖರ್ಚು ಮುಗಿಯಿತು ಅಂದುಕೊಂಡರು.

ಈಗ ಮನೆಯ ತಿಂಗಳ ಖರ್ಚು ನೋಡೋಣ. ಅವ್ವ ತಾನಾಗಿ ಮಗ್ಗುಲು ಬದಲಿಸಲಾರಳು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಅದಕ್ಕೆ ಹಗಲು 12 ತಾಸಿಗೆ ಒಬ್ಬ ಆಯಾ ಬೇಕು, 16,000. ಫಿಸಿಯೋಥೆರಪಿಯವರು ಮನೆಗೆ ಬರಲು ಸಲಕ್ಕೆ 400, ತಿಂಗಳಿಗೆ 22 ಸಲ ಅಂದರೆ 8,800. ಡೈಪರ್, ಹಾಸಿಗೆ ಮೇಲೆ ಹಾಸುವ ಶೀಟು, ಕೈಗವಸು, ಒರೆಸುವ ಬಟ್ಟೆ ಎಲ್ಲ ಸೇರಿ 4,200. ಔಷಧಿ 3,200. ಮೂತ್ರದ ನಳಿಗೆ ಬದಲಿಸಲು ಬರುವ ನರ್ಸು, ತೋರಿಸಲು ಹೋಗಿಬರುವ ಗಾಡಿ, ಜಾಸ್ತಿ ಹಾಲು, ಕರೆಂಟು ಅಂತ 3,000. ಒಟ್ಟು 35,200. ಇದರ ಹೊರತಾಗಿ ಒಮ್ಮೆ ಮಾತ್ರ ಬರುವ ಖರ್ಚಿದೆ. ತಲೆ ಕಡೆ ಎತ್ತಬಹುದಾದ ಹಳೇ ಮಂಚ, ಏರ್ ಬೆಡ್, ವೀಲ್‌ಚೇರ್, ಕಮೋಡ್ ಕುರ್ಚಿ ಸೇರಿ 25,500.

ಇಲ್ಲಿ ಎಲ್ಲರೂ ಮಾಡುವ ಒಂದು ಗುಣಾಕಾರ ಇದೆ. 35,200 ಅನ್ನು 12ರಿಂದ ಗುಣಿಸಿ, ಮೊತ್ತ ನೋಡಿ ಕೈಚೆಲ್ಲಿ ಕೂತುಬಿಡುತ್ತಾರೆ. ಅದು ತಪ್ಪು ಲೆಕ್ಕ. ಲಕ್ವಾದಲ್ಲಿ ಹೆಚ್ಚಿನ ಚೇತರಿಕೆ ಆಗುವುದು ಮೊದಲ 3ರಿಂದ 6 ತಿಂಗಳಲ್ಲಿ. ಆಮೇಲೂ ಸುಧಾರಣೆ ಆಗುತ್ತದೆ, ಆದರೆ ನಿಧಾನ. ಅಂದರೆ ಫಿಸಿಯೋಥೆರಪಿಯ ರೊಕ್ಕ ಮೊದಲ ಆರು ತಿಂಗಳಲ್ಲಿ ಪೂರ್ತಿ ಬೀಳಬೇಕು. ಆಗ ಕೈ ಬಿಗಿ ಹಿಡಿದು ವಾರಕ್ಕೆ ಒಮ್ಮೆ ಕರೆಸಿ, ವರ್ಷದ ಮೇಲೆ "ಯಾಕೋ ಅವ್ವ ಏಳವಲ್ಲಳು" ಅಂತ ದಿನಾ ಕರೆಸಿದರೆ ಅದೇ ರೊಕ್ಕಕ್ಕೆ ಅಷ್ಟು ಫಲ ಸಿಗುವುದಿಲ್ಲ.

ಆರು ತಿಂಗಳಾದ ಮೇಲೆ ಈ ಮನೆಯಲ್ಲಿ ಫಿಸಿಯೋಥೆರಪಿ ವಾರಕ್ಕೆ ಎರಡು ಸಲ ಆಯಿತು, 3,200. ಉಳಿದ ದಿನ ಅದೇ ವ್ಯಾಯಾಮ ಆಯಾ ಮಾಡಿಸುತ್ತಾಳೆ, ಕಲಿಸಿಕೊಟ್ಟಿದ್ದಾರೆ. ಅವ್ವ ಹಿಡಿದುಕೊಂಡು ಕಮೋಡ್ ಕುರ್ಚಿಗೆ ಬರುತ್ತಾಳೆ, ನಳಿಗೆ ತೆಗೆದಿದ್ದಾರೆ, ಡೈಪರ್ ರಾತ್ರಿಗೆ ಜಾಸ್ತಿ, ಹಗಲಿಗೆ ಕಡಿಮೆ. ಅದಕ್ಕೆ 3,500. ಔಷಧಿ 1,400, ಇತರೆ 2,400, ಆಯಾ ಮತ್ತೆ 16,000. ಒಟ್ಟು 26,500. ಮೊದಲ ಆರು ತಿಂಗಳಿಗೆ 2,11,200, ಮುಂದಿನ ಆರಕ್ಕೆ 1,59,000, ಸಾಮಾನಿಗೆ 25,500. ಮೊದಲ ವರ್ಷ ಮನೆಯಲ್ಲಿ ಆದದ್ದು 3,95,700. ದವಾಖಾನೆಯ ಬಿಲ್ಲಿನ ಎರಡು ಪಟ್ಟಿಗೂ ಜಾಸ್ತಿ.

ಸರ್ಕಾರದ ಆಯುಷ್ಮಾನ್ ಕಾರ್ಡು ಇದೆಯಲ್ಲ ಅಂತ ಕೇಳುತ್ತೀರಿ. ಇದ್ದರೆ ಖಂಡಿತ ಬಳಸಿ. ಆದರೆ ಅದು ಒಳರೋಗಿಯಾಗಿ ಇದ್ದಾಗಿನ ಖರ್ಚಿಗೆ ಮತ್ತು ಡಿಸ್ಚಾರ್ಜ್ ಆದಮೇಲೆ 15 ದಿನದ ಔಷಧಿಗೆ. ಮನೆಯ ಆಯಾ, ಡೈಪರ್, ತಿಂಗಳ ಗುಳಿಗೆ ಅದರಲ್ಲಿ ಬರುವುದಿಲ್ಲ. ನಾವು ಮಾತಾಡುತ್ತಿರುವ ನಾಲ್ಕು ಲಕ್ಷ ನಿಮ್ಮ ಕೈಯಿಂದಲೇ ಹೋಗುವುದು.

ಔಷಧಿಯ ಲೆಕ್ಕ 3,200ರಿಂದ 1,400ಕ್ಕೆ ಹೇಗೆ ಇಳಿಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಒಂಬತ್ತು ಹತ್ತು ಔಷಧಿ ಇರುತ್ತವೆ. ಅದರಲ್ಲಿ ಕೆಲವು ಜೀವನಪರ್ಯಂತ ಬೇಕಾದವು: ರಕ್ತ ಹೆಪ್ಪುಗಟ್ಟದಂತೆ ತಡೆಯುವುದು, ಬಿಪಿಯದು, ಕೊಲೆಸ್ಟ್ರಾಲಿನದು, ಸಕ್ಕರೆ ಕಾಯಿಲೆ ಇದ್ದರೆ ಅದರದು. ಇನ್ನು ಕೆಲವು ವಾರಕ್ಕೋ ತಿಂಗಳಿಗೋ ಮುಗಿಯುವಂಥವು: ಹೊಟ್ಟೆಯ ಗುಳಿಗೆ, ವಿಟಮಿನ್, ನರಕ್ಕೆ ಶಕ್ತಿ ಅಂತ ಕೊಡುವ ದುಬಾರಿ ಗುಳಿಗೆ. ಚೀಟಿಯಲ್ಲಿ ಎಲ್ಲ ಒಂದೇ ಸಾಲಿನಲ್ಲಿ ಇರುತ್ತವೆ. ರೊಕ್ಕ ಕಡಿಮೆ ಬಿದ್ದ ತಿಂಗಳು ಮನೆಯವರು ಯಾವುದನ್ನು ಬಿಡುತ್ತಾರೆ ಗೊತ್ತಾ? ಅಗ್ಗದ ಬಿಪಿ ಗುಳಿಗೆಯನ್ನು. "ಬಿಪಿ ಈಗ ನಾರ್ಮಲ್ ಐತಿ" ಅಂತ. 600 ರೂಪಾಯಿಯ ವಿಟಮಿನ್ ಮಾತ್ರ ತಪ್ಪಿಸುವುದಿಲ್ಲ, ದುಬಾರಿ ಇದ್ದದ್ದೇ ಮುಖ್ಯ ಅಂತ ನಂಬಿಕೆ. ಬಿಪಿ ನಾರ್ಮಲ್ ಇರುವುದು ಆ ಗುಳಿಗೆಯಿಂದ. ಅದನ್ನು ಬಿಟ್ಟರೆ ಎರಡನೇ ಲಕ್ವಾದ ಭಯ ಹೆಚ್ಚುತ್ತದೆ, ಆಗ ಇಡೀ ಲೆಕ್ಕ ಮೊದಲಿನಿಂದ ಶುರು.

ಅದಕ್ಕೇ ಡಿಸ್ಚಾರ್ಜ್ ದಿನ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿ: "ಸರ್, ಇದರಾಗ ಯಾವು ಬಂದ್ ಮಾಡಬಾರದ್ದು, ಯಾವು ಯಾವಾಗ ಬಂದ್ ಮಾಡೋದು?" ಚೀಟಿಯ ಮೇಲೇ ಪ್ರತಿ ಔಷಧಿಯ ಮುಂದೆ ಬರೆಸಿಕೊಳ್ಳಿ. ಜೊತೆಗೆ ಔಷಧಿಯ ಮೂಲ ಹೆಸರು ಬರೆಸಿಕೊಳ್ಳಿ, ಕಂಪನಿ ಹೆಸರು ಸಾಲದು. ಮೂಲ ಹೆಸರಿದ್ದರೆ ಜನೌಷಧಿ ಕೇಂದ್ರದಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವುದುಂಟು. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ, ಬದಲಿಸಬೇಡಿ, ಕೇಳಿ ಮಾಡಿ.

ಈ ಮನೆಯಲ್ಲಿ ಇನ್ನೊಂದು ದಾರಿ ಕಣ್ಣೆದುರೇ ಇತ್ತು. ಹಿರಿಯ ಮಗನ ಪಗಾರ 21,000ದ ಒಳಗಿದೆ, ಅಂದರೆ ಇಎಸ್‌ಐ ಕಡಿತ ಇದೆ. ತಂದೆ ತಾಯಿ ಅವನ ಆಶ್ರಯದಲ್ಲಿದ್ದು, ಅವರ ಆದಾಯ ತಿಂಗಳಿಗೆ 9,000 ಮೀರದಿದ್ದರೆ ಅವರಿಗೂ ಇಎಸ್‌ಐನಲ್ಲಿ ಚಿಕಿತ್ಸೆ ಇದೆ, ಔಷಧಾಲಯದ ಗುಳಿಗೆಯೂ ಸಿಗುತ್ತದೆ. ಆದರೆ ಇವನು ಕೆಲಸಕ್ಕೆ ಸೇರುವಾಗ ಹೆಂಡತಿ ಮಕ್ಕಳ ಹೆಸರು ಮಾತ್ರ ಬರೆಸಿದ್ದ, ಅವ್ವನ ಹೆಸರು ಸೇರಿಸಿರಲಿಲ್ಲ. ಹೀಗೆ ಬಿಟ್ಟವರು ಬಹಳ ಮಂದಿ. ಇಲ್ಲಿ ಕೂತ ಯಾರದಾದರೂ ಮಕ್ಕಳಿಗೆ ಇಎಸ್‌ಐ ಇದ್ದರೆ, ಮನೆಗೆ ಹೋದಮೇಲೆ ನಿಮ್ಮ ಹೆಸರು ಅದರಲ್ಲಿದೆಯೇ ಅಂತ ಕೇಳಿ. ಕಾಯಿಲೆ ಬರುವ ಮೊದಲೇ ಸೇರಿಸುವುದು ಸುಲಭ. ಇನ್ಕ್ರಿಮೆಂಟ್ ಬಂದು ಪಗಾರ 21,000 ದಾಟಿದರೆ ಮರುದಿನವೇ ಇಎಸ್‌ಐ ನಿಲ್ಲುವುದಿಲ್ಲ. ಏಪ್ರಿಲಿನಿಂದ ಸೆಪ್ಟೆಂಬರ್, ಅಕ್ಟೋಬರಿನಿಂದ ಮಾರ್ಚ್, ಹೀಗೆ ಅವಧಿ ಇರುತ್ತದೆ. ನಡೆಯುತ್ತಿರುವ ಅವಧಿ ಮುಗಿಯುವವರೆಗೆ ವಂತಿಗೆ ಕಡಿತ ನಡೆಯುತ್ತದೆ.

ಈಗ ಅತಿ ದೊಡ್ಡ ಸಾಲಿಗೆ ಬರುತ್ತೇನೆ. ಅದು ಯಾರ ವಹಿಯಲ್ಲೂ ಬರೆದಿರುವುದಿಲ್ಲ.

ಆಯಾಗೆ 16,000, ಸೊಸೆಯ ಪಗಾರ 13,000. ಮನೆಯಲ್ಲಿ ಎರಡನೇ ವಾರಕ್ಕೇ ಮಾತು ಬಂತು: "ಆಯಾಗೆ ಕೊಡೋದಕ್ಕಿಂತ ಸಾಲಿ ಬಿಟ್ಟು ಮನ್ಯಾಗ ಇದ್ರ ಮೂರು ಸಾವಿರ ಉಳೀತದಲ್ಲ." ಮೇಲ್ನೋಟಕ್ಕೆ ಸರಿಯಾದ ಲೆಕ್ಕ. ಬಹಳ ಮನೆಯಲ್ಲಿ ಚರ್ಚೆ ಇಲ್ಲಿಗೇ ಮುಗಿಯುತ್ತದೆ, ಸೊಸೆ ರಾಜೀನಾಮೆ ಕೊಡುತ್ತಾಳೆ.

ನಾನು ಕೇಳುವುದು ಇಷ್ಟೇ, ಇದನ್ನು ಪೂರ್ತಿ ಲೆಕ್ಕ ಹಾಕಿ. 13,000ದ ಜೊತೆ ಶಾಲೆಯವರು ಕಟ್ಟುವ ಪಿಎಫ್ ಪಾಲು 1,500 ಹೋಗುತ್ತದೆ. ಅಲ್ಲಿಗೆ ಉಳಿತಾಯ 1,500ಕ್ಕೆ ಇಳಿಯಿತು. ಖಾಸಗಿ ಶಾಲೆಗಳು ಹೊಸಬರನ್ನು ತಗೊಳ್ಳುವುದು ಬೇಸಿಗೆಯಲ್ಲಿ, ಜೂನಿಗೆ. ಅವಳು ನವೆಂಬರಿನಲ್ಲಿ ಬಿಟ್ಟರೆ, ಫೆಬ್ರವರಿಗೆ ಅವ್ವ ಎದ್ದು ಓಡಾಡಿದರೂ ಜೂನಿನವರೆಗೆ ಕೈ ಖಾಲಿ. ಮೂರು ವರ್ಷ ಬಿಟ್ಟು ಮತ್ತೆ ಸೇರುವಾಗ ಹೊಸಬರ ಪಗಾರದಿಂದ ಶುರು, 9,000 ಅಂತ ಇಟ್ಟುಕೊಳ್ಳಿ. ತಿಂಗಳಿಗೆ 4,000 ಕಡಿಮೆ, ಮುಂದಿನ ಎಷ್ಟೋ ವರ್ಷ. ತಿಂಗಳಿಗೆ 1,500 ಉಳಿಸಲು ಹೋಗಿ ಇಷ್ಟು ಕಳೆಯುತ್ತೇವೆ.

ರೊಕ್ಕ ಬಿಟ್ಟರೂ ಇನ್ನೊಂದು ಮಾತಿದೆ. ಆಯಾ 12 ತಾಸು ಮಾಡಿ ಮನೆಗೆ ಹೋಗುತ್ತಾಳೆ. ಸೊಸೆ ಮನೆಯಲ್ಲೇ ಇದ್ದರೆ 24 ತಾಸೂ ಅವಳದೇ ಪಾಳಿ. ರಾತ್ರಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಒಬ್ಬಳೇ ಎತ್ತಿ ಎತ್ತಿ ಅವಳ ಸೊಂಟ ಹೋಗುತ್ತದೆ, ಆಮೇಲೆ ಮನೆಯಲ್ಲಿ ಇಬ್ಬರು ರೋಗಿಗಳು. ಇದನ್ನು ನಾನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಬಿಡಲೇಬೇಕಾದ ಪರಿಸ್ಥಿತಿ ಇದ್ದರೆ ಮೊದಲು ಎರಡು ತಿಂಗಳು ಪಗಾರ ಇಲ್ಲದ ರಜೆ ಕೇಳಿ. ಲಕ್ವಾದಲ್ಲಿ ಮೊದಲ ಎರಡು ತಿಂಗಳಲ್ಲಿ ಅವ್ವ ಎಷ್ಟು ಏಳುತ್ತಾಳೆ ಅನ್ನುವ ಅಂದಾಜು ಸಿಗುತ್ತದೆ. ಅದು ಗೊತ್ತಾಗುವ ಮೊದಲು ರಾಜೀನಾಮೆ ಬರೆಯುವುದು ಬೇಡ.

ಹಾಗಾದರೆ 35,200 ಎಲ್ಲಿಂದ ಬರಬೇಕು? ಇಲ್ಲಿ ಅಣ್ಣತಮ್ಮಂದಿರ ನಡುವೆ ಮಾತು ಕೆಡುತ್ತದೆ. ಕಿರಿಯವನು ಮೊದಲು "ತಿಂಗಳಾ ಐದು ಸಾವಿರ ಹಾಕ್ತೀನಿ ಅಣ್ಣಾ" ಅಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ಅವನಿಗೆ ಖರ್ಚು ಔಷಧಿಯಷ್ಟೇ ಅಂತ ಗೊತ್ತು. ರಾತ್ರಿಯ ಕೆಲಸಕ್ಕೆ ಬೆಲೆ ಇದೆ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ.

ಅದಕ್ಕೆ ಒಂದು ಭಾನುವಾರ ಮೂವರೂ ಮಕ್ಕಳು ಕೂತು ಒಂದು ಹಾಳೆ ಬರೆದರು. ರಾತ್ರಿ ಪಾಳಿಗೆ ಆಯಾ ಇಟ್ಟಿದ್ದರೆ ಅದಕ್ಕೂ 16,000 ಆಗುತ್ತಿತ್ತು. ಅದನ್ನು ಅಣ್ಣ, ವೈನಿ ಮಾಡುತ್ತಿದ್ದಾರೆ. ಅಂದರೆ ನಿಜವಾದ ಖರ್ಚು 51,200, ಅದರಲ್ಲಿ 16,000 ಅಣ್ಣನ ಮನೆ ಆಗಲೇ ದುಡಿಮೆಯಲ್ಲಿ ಕೊಡುತ್ತಿದೆ. ಈ ಒಂದು ಸಾಲು ಹಾಳೆಯ ಮೇಲೆ ಬಂದ ಕೂಡಲೇ ಮಾತಿನ ಧಾಟಿಯೇ ಬದಲಾಯಿತು. ಉಳಿದ 35,200ರಲ್ಲಿ ಅವ್ವನ ಪಿಂಚಣಿ 3,000, ತಮ್ಮ 20,000, ಅಣ್ಣ 7,200, ಅಕ್ಕ 5,000. ಅಕ್ಕ ತಿಂಗಳಿಗೊಂದು ವಾರ ಗದಗಿನಿಂದ ಬಂದು ರಾತ್ರಿ ಪಾಳಿ ಹಿಡಿಯುತ್ತಾಳೆ, ಆ ವಾರ ವೈನಿಗೆ ನಿದ್ದೆ. ಆರು ತಿಂಗಳಾದ ಮೇಲೆ ಖರ್ಚು 26,500ಕ್ಕೆ ಇಳಿದಾಗ ತಮ್ಮ 13,000, ಅಣ್ಣ 6,500, ಅಕ್ಕ 4,000, ಉಳಿದದ್ದು ಪಿಂಚಣಿ. ಆರು ತಿಂಗಳು ಅಂತ ಗಡುವು ಇದ್ದುದರಿಂದಲೇ ತಮ್ಮನಿಗೆ 20,000ಕ್ಕೆ ಒಪ್ಪಲು ಧೈರ್ಯ ಬಂದದ್ದು. ಬೆಂಗಳೂರಿನ ಬಾಡಿಗೆ ಕಟ್ಟಿ ಅಷ್ಟು ಕೊಡುವುದು ಅವನಿಗೂ ಕಷ್ಟವೇ.

ಈ ರೊಕ್ಕಕ್ಕೆ ಬೇರೆ ಖಾತೆ ಮಾಡಿ. ಅಣ್ಣನ ಪಗಾರದ ಖಾತೆಗೆ ಹಾಕಿದರೆ ಕಿರಾಣಿಗೂ ಹೋಗುತ್ತದೆ, ಆಮೇಲೆ ಅನುಮಾನ ಶುರುವಾಗುತ್ತದೆ. ಖರ್ಚಿನ ಹಾಳೆಯ ಫೋಟೋ ತಿಂಗಳ ಕೊನೆಗೆ ಮೂವರ ವಾಟ್ಸಾಪ್‌ಗೂ ಹೋಗಲಿ.

ತಿಂಗಳ ಕೊರತೆಗೆ ಸಾಲ ಮಾಡಬೇಡಿ ಅಂತ ಬ್ಯಾಂಕಿನವನಾಗಿ ಹೇಳುತ್ತೇನೆ. ಮಂಚಕ್ಕೆ, ಬಿಲ್ಲಿಗೆ ಬಂಗಾರದ ಮೇಲೆ ಬ್ಯಾಂಕಿನಲ್ಲಿ ಸಾಲ ತೆಗೆದರೆ ಅದು ಒಮ್ಮೆಯ ಸಾಲ, ತೀರಿಸಬಹುದು. ಆದರೆ ತಿಂಗಳಿಗೆ ಹತ್ತು ಸಾವಿರ ಕಡಿಮೆ ಬೀಳುತ್ತದೆ ಅಂತ ಕೈಗಡ ಶುರು ಮಾಡಿದರೆ ಅದಕ್ಕೆ ತುದಿ ಇಲ್ಲ. ನೂರಕ್ಕೆ ಮೂರರ ಬಡ್ಡಿ ಅಂದರೆ ವರ್ಷಕ್ಕೆ 36. ತಿಂಗಳ ಖರ್ಚು ತಿಂಗಳ ಆದಾಯದೊಳಗೆ ಹೊಂದದಿದ್ದರೆ ಪಾಲು ಬದಲಿಸಬೇಕು, ಇಲ್ಲವೇ ಆಯಾ ತಾಸು ಕಡಿಮೆ ಮಾಡಬೇಕು.

ಉಳಿತಾಯ ಅಂದುಕೊಂಡು ಜನ ಬಿಡುವ ಇನ್ನೊಂದು ವಸ್ತು ಏರ್ ಬೆಡ್. 4,000 ರೂಪಾಯಿ ಯಾಕೆ, ಹತ್ತಿಯ ಗಾದಿ ಮೆತ್ತಗೇ ಇದೆಯಲ್ಲ ಅನ್ನುತ್ತಾರೆ. ಮಲಗಿದಲ್ಲೇ ಮಲಗಿದರೆ ಎಲುಬು ಒತ್ತುವ ಜಾಗದಲ್ಲಿ ರಕ್ತ ಓಡುವುದಿಲ್ಲ, ಚರ್ಮ ಸಾಯುತ್ತದೆ. ಅದೇ ಬೆಡ್ ಸೋರ್. ಒಮ್ಮೆ ಆಳವಾದರೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್, ಸಲಕ್ಕೆ 300 ಅಂದರೂ ತಿಂಗಳಿಗೆ 9,000. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ, ಎರಡೂ ಬೇಕು.

ದಿನಾ ಮೈ ಒರೆಸುವಾಗ ನೋಡಬೇಕಾದ ಜಾಗ ಬೆನ್ನ ಕೆಳಗಿನ ಎಲುಬು, ಎರಡೂ ಹಿಮ್ಮಡಿ, ಸೊಂಟದ ಪಕ್ಕ. ಕೆಂಪಾಗಿ ಕಂಡರೆ ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ಚರ್ಮ ಇನ್ನೂ ಚೆನ್ನಾಗಿದೆ, ಆ ಮಗ್ಗುಲಿಗೆ ಮಲಗಿಸಬೇಡಿ ಅಷ್ಟೇ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ನಮ್ಮ ಮೈಬಣ್ಣಕ್ಕೆ ಕೆಂಪು ಚೆನ್ನಾಗಿ ಕಾಣುವುದಿಲ್ಲ. ಅದಕ್ಕೆ ಕೈಯ ಹಿಂಭಾಗ ಇಟ್ಟು ನೋಡಿ. ಆ ಜಾಗ ಸುತ್ತಲಿನ ಚರ್ಮಕ್ಕಿಂತ ಬೆಚ್ಚಗೆ, ಗಟ್ಟಿಯಾಗಿ ಇದ್ದರೆ ಅವತ್ತೇ ನರ್ಸಿಗೆ ಅಥವಾ ಡಾಕ್ಟರಿಗೆ ತೋರಿಸಿ. ಇದನ್ನು ಆಯಾಗೂ ಕಲಿಸಿ, ನೀವೂ ವಾರಕ್ಕೆರಡು ಸಲ ಖುದ್ದು ನೋಡಿ.

ಮಾತು ಮುಗಿಸುವಾಗ ಸಭೆಯಲ್ಲಿದ್ದ ಒಬ್ಬ ತಾಯಿ ಕೇಳಿದರು: "ಸರ್, ಅವ್ವಗ ಸಹಿ ಮಾಡಾಕ ಬರಂಗಿಲ್ಲ. ಬ್ಯಾಂಕಿನ್ಯಾಗ ಪಿಂಚಣಿ ಜಮಾ ಆಗೇತಿ, ತೆಗ್ಯಾಕ ಬರವಲ್ದು. ಏನ್ ಮಾಡೂದ್ರಿ?"

ಒಳ್ಳೆಯ ಪ್ರಶ್ನೆ. ಸಹಿ ಬರದಿದ್ದರೆ ಹೆಬ್ಬೆಟ್ಟಿನ ಗುರುತು ನಡೆಯುತ್ತದೆ. ಕೈ ಎತ್ತಲೂ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತೂ ನಡೆಯುತ್ತದೆ. ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿ ಅಧಿಕಾರಿ ಆಗಿರಬೇಕು. ಇದು ರಿಸರ್ವ್ ಬ್ಯಾಂಕಿನ ಸೂಚನೆ. ಕೌಂಟರಿನಲ್ಲಿ "ರೋಗಿಯನ್ನ ಕರ್ಕೊಂಡ್ ಬರ್ರಿ" ಅಂದರೆ ಮ್ಯಾನೇಜರಿಗೆ ಡಾಕ್ಟರ ಚೀಟಿ ಜೊತೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಹಾಗೇ ಬಸ್ ನಿಗಮದ ಭವಿಷ್ಯನಿಧಿ ಪಿಂಚಣಿಗೆ ಜೀವನ ಪ್ರಮಾಣಪತ್ರ ನವೆಂಬರಿನಲ್ಲೇ ಆಗಬೇಕೆಂದಿಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಮೊಬೈಲಿನಲ್ಲಿ ಮುಖ ತೋರಿಸಿ ಮನೆಯಿಂದಲೇ ಮಾಡಬಹುದು, ಪೋಸ್ಟ್‌ಮನ್‌ರನ್ನು ಮನೆಗೆ ಕರೆಸಿಯೂ ಮಾಡಿಸಬಹುದು.

ಪಕ್ಕದಲ್ಲಿ ಕೂತಿದ್ದ ಅವರ ತಮ್ಮ "ಮುಖತ್ಯಾರ ಪತ್ರ ಮಾಡಿಸಿದ್ರ ಎಲ್ಲಾ ಸುಲಭ ಅಲ್ರೀ?" ಅಂದರು. ಅವ್ವನಿಗೆ ಮಾತು ಬರದಿದ್ದರೂ ಹೇಳಿದ್ದು ತಿಳಿಯುತ್ತಿದ್ದರೆ, ತಲೆ ಆಡಿಸಿ ಹೌದು, ಇಲ್ಲ ಅನ್ನಲು ಆಗುತ್ತಿದ್ದರೆ, ವಕೀಲರನ್ನು ಕೇಳಿ ಈಗಲೇ ಮಾಡಿಸಿ. ಆದರೆ ಇದು ಅವ್ವನ ಬುದ್ಧಿ ಸ್ಥಿರ ಇರುವವರೆಗೆ ಮಾತ್ರ. ಮರೆವಿನ ಕಾಯಿಲೆ ಬಂದು ತಿಳಿವಳಿಕೆ ಪೂರ್ತಿ ಹೋದರೆ ನಮ್ಮ ಕಾನೂನಿನಲ್ಲಿ ಮುಖತ್ಯಾರ ಪತ್ರವೂ ಬಿದ್ದುಹೋಗುತ್ತದೆ. ಅದಕ್ಕೆ ಅವ್ವನ ಖಾತೆಗೆ ನಿಮ್ಮಲ್ಲಿ ಒಬ್ಬರ ಹೆಸರನ್ನು ಜಂಟಿಯಾಗಿ ಸೇರಿಸಿ, ಇಬ್ಬರಲ್ಲಿ ಯಾರಾದರೂ ತೆಗೆಯಬಹುದು ಅನ್ನುವ ಷರತ್ತು ಹಾಕಿಸಿಕೊಳ್ಳಿ. ಪಿಂಚಣಿ ಜಮಾ ಆಗುವ ಖಾತೆಯಾದರೆ, ಯಾರ ಹೆಸರು ಸೇರಿಸಲು ಬರುತ್ತದೆ ಅಂತ ಬ್ಯಾಂಕಿನಲ್ಲಿ ಮೊದಲು ಕೇಳಿ, ಆಮೇಲೆ ಅರ್ಜಿ ತುಂಬಿ.